ದಿನ ಬಿಟ್ಟು ದಿನ: ಲಾಮೊಟ್ರಿಜಿನ್ ಮಾತ್ರೆಯ ಮೊದಲ ಎಂಟು ವಾರ

ಕಾಸರಗೋಡಿನ ಕಡೆ ನರ್ಸಿಂಗ್, ಫಾರ್ಮಸಿ ಓದುತ್ತಿರುವ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ಮಾತ್ರೆ ಕೊಡುವ ಕಿಟಕಿಯಲ್ಲಿ "ಒನ್ನಿಡವಿಟ್ಟ ದಿವಸಂ" ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮಲಯಾಳದಲ್ಲಿ ಇದರ ಅರ್ಥ ದಿನ ಬಿಟ್ಟು ದಿನ. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ರೋಗಿಯ ಕಿವಿಗೆ ಗದ್ದಲದ ನಡುವೆ "ಒನ್ನ್" ಮತ್ತು "ದಿವಸಂ" ಎಂಬ ಎರಡೇ ಪದ ಬಿದ್ದರೆ, ದಿನಕ್ಕೊಂದು ಎಂದು ತಿಳಿದುಕೊಂಡು ಮನೆಗೆ ಹೋಗುತ್ತಾರೆ. ಬಹಳಷ್ಟು ಔಷಧಗಳಲ್ಲಿ ಇಂಥ ತಪ್ಪು ಹೇಗೋ ದಾಟಿಹೋಗುತ್ತದೆ. ಲಾಮೊಟ್ರಿಜಿನ್‌ನಲ್ಲಿ ದಾಟುತ್ತದೆ ಎಂದು ನಂಬುವಂತಿಲ್ಲ.

ಲಾಮೊಟ್ರಿಜಿನ್ ಅಪಸ್ಮಾರಕ್ಕೆ ಕೊಡುವ ಮದ್ದು. ಬೈಪೋಲಾರ್ ಎಂಬ ಮನೋರೋಗದಲ್ಲಿಯೂ ಬಳಸುತ್ತಾರೆ. ಅಪಸ್ಮಾರದ ವಯಸ್ಕರು ಬೇರೆ ಯಾವ ಮದ್ದನ್ನೂ ತೆಗೆದುಕೊಳ್ಳದಿದ್ದರೆ ಮೊದಲ ಎರಡು ವಾರ ದಿನಕ್ಕೆ 25 ಮಿ.ಗ್ರಾಂ, ಮುಂದಿನ ಎರಡು ವಾರ ದಿನಕ್ಕೆ 50 ಮಿ.ಗ್ರಾಂ ಕೊಡುತ್ತಾರೆ. ಅಲ್ಲಿಂದಾಚೆಗೆ ಒಂದೆರಡು ವಾರಕ್ಕೊಮ್ಮೆ 50ರಿಂದ 100 ಮಿ.ಗ್ರಾಂನಷ್ಟು ಏರಿಸುತ್ತಾ ಹೋಗುತ್ತಾರೆ. ಹೆಚ್ಚಿನವರು 100ರಿಂದ 200 ಮಿ.ಗ್ರಾಂ ಆಸುಪಾಸಿನಲ್ಲಿ ನೆಲೆ ನಿಲ್ಲುತ್ತಾರೆ. ಅಂದರೆ ಮೊದಲ ತಿಂಗಳಲ್ಲಿ ಮದ್ದು ಪೂರ್ಣ ಫಲ ಕೊಡುವ ಪ್ರಮಾಣವನ್ನು ತಲುಪಿರುವುದೇ ಇಲ್ಲ. "ಇಷ್ಟು ಸಣ್ಣ ಮಾತ್ರೆಯಿಂದ ಏನಾಗುತ್ತದೆ, ಫಿಟ್ಸ್ ನಿಂತಿಲ್ಲವಲ್ಲ" ಎಂದು ಮನೆಯವರು ಕೇಳುವುದು ಸಹಜ. ಆ ತಿಂಗಳ ಉದ್ದೇಶ ಫಿಟ್ಸ್ ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ದೇಹವನ್ನು ಈ ಮದ್ದಿಗೆ ಒಗ್ಗಿಸುವುದು ಎಂದು ನಾವು ಅವರಿಗೆ ಮೊದಲೇ ಹೇಳಬೇಕು. ಈ ಮದ್ದು ಬಳಕೆಗೆ ಬಂದ ಆರಂಭದ ಕಾಲದಲ್ಲಿ ಬೇಗ ಬೇಗ ಪ್ರಮಾಣ ಏರಿಸುತ್ತಿದ್ದರು, ಚರ್ಮದ ದದ್ದು ಹೆಚ್ಚಾಗಿ ಕಾಣಿಸುತ್ತಿತ್ತು. ಆರಂಭದ ಪ್ರಮಾಣ ತಗ್ಗಿಸಿ, ಏರಿಕೆಯನ್ನು ನಿಧಾನಗೊಳಿಸಿದ ಮೇಲೆ ಅದು ಕಡಿಮೆಯಾಯಿತು. ಈಗಿನ ಲೆಕ್ಕಾಚಾರ ಹುಟ್ಟಿದ್ದು ಹೀಗೆ.

ಜೊತೆಯಲ್ಲಿರುವ ಮದ್ದು ಯಾವುದು ಎಂಬುದರ ಮೇಲೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಪರೀಕ್ಷೆಗೆ ಓದುವಾಗ ನಾನು ಎಡವಿದ್ದು ಇಲ್ಲಿಯೇ. ಲಾಮೊಟ್ರಿಜಿನ್ ಅನ್ನು ಯಕೃತ್ತು ಕರಗಿಸಿ ಹೊರಹಾಕುತ್ತದೆ. ರೋಗಿ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಅದು ಆ ಕೆಲಸಕ್ಕೆ ತಡೆ ಒಡ್ಡುತ್ತದೆ. ಲಾಮೊಟ್ರಿಜಿನ್ ಹೊರಹೋಗುವ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ವಾಲ್ಪ್ರೊಯೇಟ್ ಜೊತೆಗಿದ್ದರೆ ಮೊದಲ ಎರಡು ವಾರ ದಿನ ಬಿಟ್ಟು ದಿನ 25 ಮಿ.ಗ್ರಾಂ, ಮುಂದಿನ ಎರಡು ವಾರ ದಿನಕ್ಕೆ 25 ಮಿ.ಗ್ರಾಂ. ಕಾರ್ಬಮಜೆಪೈನ್, ಫೆನಿಟಾಯಿನ್, ಫಿನೊಬಾರ್ಬಿಟಾಲ್ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತವೆ. ಅವು ಲಾಮೊಟ್ರಿಜಿನ್ ಅನ್ನು ಬೇಗ ಹೊರದೂಡುವುದರಿಂದ, ವಾಲ್ಪ್ರೊಯೇಟ್ ಇಲ್ಲದೆ ಅವುಗಳಲ್ಲಿ ಒಂದು ಜೊತೆಗಿದ್ದರೆ ದಿನಕ್ಕೆ 50 ಮಿ.ಗ್ರಾಂನಿಂದಲೇ ಆರಂಭಿಸುತ್ತಾರೆ. ಮಕ್ಕಳ ಲೆಕ್ಕ ತೂಕದ ಮೇಲೆ ಬೇರೆಯೇ ಇದೆ. ಇಲ್ಲಿ ಹೇಳುತ್ತಿರುವುದು ವಯಸ್ಕರದ್ದು ಮಾತ್ರ.

ಈಗ ಅಭ್ಯಾಸಕ್ಕಾಗಿ ಒಂದು ಪ್ರಕರಣ ಕಟ್ಟಿಕೊಳ್ಳೋಣ. ಬದಿಯಡ್ಕದ ಹತ್ತಿರದ 26 ವರ್ಷದ ಯುವತಿ. ಮೊದಲಿನಿಂದಲೂ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದಾಳೆ. ಗರ್ಭಿಣಿಯಾದರೆ ಆ ಮದ್ದು ಮಗುವಿಗೆ ಹಾನಿ ಮಾಡಬಹುದಾದ್ದರಿಂದ ವೈದ್ಯರು ಮೆಲ್ಲಗೆ ಲಾಮೊಟ್ರಿಜಿನ್‌ಗೆ ಬದಲಿಸಲು ಹೊರಟಿದ್ದಾರೆ. ಚೀಟಿಯಲ್ಲಿ ಸರಿಯಾಗಿಯೇ ಬರೆದಿದ್ದಾರೆ, ದಿನ ಬಿಟ್ಟು ದಿನ 25 ಮಿ.ಗ್ರಾಂ. ಅವಳು ಕೇಳಿಸಿಕೊಂಡದ್ದು ದಿನಕ್ಕೊಂದು. ಪ್ರತಿ ರಾತ್ರಿ ಊಟದ ನಂತರ ಒಂದು ಮಾತ್ರೆ ನುಂಗಿದ್ದಾಳೆ. ಬೇರೆ ಮದ್ದು ಇಲ್ಲದವರಿಗೆ ದಿನಕ್ಕೆ 25 ಸರಿಯಾದ ಪ್ರಮಾಣವೇ. ಅದಕ್ಕೇ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ವಾಲ್ಪ್ರೊಯೇಟ್ ಜೊತೆಗಿರುವ ದೇಹದಲ್ಲಿ ಆ 25 ಹೆಚ್ಚುಕಡಿಮೆ 50ರಂತೆ ನಿಲ್ಲುತ್ತದೆ.

ಹದಿನೇಳನೆಯ ದಿನ ಬೆಳಿಗ್ಗೆ ಅವಳ ಎದೆ, ಬೆನ್ನಿನ ಮೇಲೆ ಕೆಂಪು ಚುಕ್ಕೆಗಳು. ಹಿಂದಿನ ಸಂಜೆಯಿಂದ ಮೈ ಬಿಸಿ, ಗಂಟಲು ನೋವು. ತೋಟದಲ್ಲಿ ಗೇರುಬೀಜ ಹೆಕ್ಕುವ ಕಾಲ. "ಗೇರಿನ ಸೊನೆ ತಾಗಿರಬೇಕು, ಇಲ್ಲವೇ ಸೆಕೆಗೆ ಬೆವರುಗುಳ್ಳೆ" ಎನ್ನುತ್ತಾರೆ ಅಮ್ಮ. ತೆಂಗಿನೆಣ್ಣೆ ಹಚ್ಚಿ ಎರಡು ದಿನ ನೋಡೋಣ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಈ ಊಹೆ ಎಷ್ಟು ಸಹಜವೋ ಅಷ್ಟೇ ಅಪಾಯಕಾರಿ.

ಔಷಧದಂಗಡಿಯಲ್ಲಿ ನಿಂತಿರುವ ನಾವು ಮುಲಾಮು ಕೊಡುವ ಮೊದಲು ಏನು ಕೇಳಬೇಕು? ಹೊಸ ಮದ್ದು ಯಾವಾಗ ಆರಂಭವಾಯಿತು ಎಂಬುದೇ ಮೊದಲ ಪ್ರಶ್ನೆ. ಲಾಮೊಟ್ರಿಜಿನ್‌ನ ಗಂಭೀರ ದದ್ದು ಹೆಚ್ಚಾಗಿ ಎರಡರಿಂದ ಎಂಟು ವಾರದೊಳಗೆ ಕಾಣಿಸುತ್ತದೆ. ಅವಳು ಮೂರನೆಯ ವಾರದಲ್ಲಿದ್ದಾಳೆ. ಎರಡನೆಯ ಪ್ರಶ್ನೆ, ಎಷ್ಟು ಮಾತ್ರೆ ಮುಗಿದಿದೆ. ಇದನ್ನು ಬಾಯಿಮಾತಿಗೆ ಬಿಡದೆ ಸ್ಟ್ರಿಪ್ ತರಿಸಿ ಎಣಿಸಬೇಕು. ಮೊದಲ ಹದಿನಾಲ್ಕು ದಿನಕ್ಕೆ ಏಳು, ಹದಿನೈದು ಮತ್ತು ಹದಿನಾರನೆಯ ದಿನಕ್ಕೆ ಎರಡು, ಒಟ್ಟು ಒಂಬತ್ತು ಮಾತ್ರೆ ಖರ್ಚಾಗಿರಬೇಕು. ಹತ್ತು ಮಾತ್ರೆಯ ಒಂದು ಸ್ಟ್ರಿಪ್ ಖಾಲಿ, ಎರಡನೆಯದರಲ್ಲಿ ಆರು ಗುಳಿ ಒಡೆದಿವೆ. ಹದಿನಾರು. ತಪ್ಪು ಅಲ್ಲೇ ಸಿಕ್ಕಿತು.

ಮೂರನೆಯದು ಮೈಯ ಉಳಿದ ಭಾಗದ ಪ್ರಶ್ನೆಗಳು. ಜ್ವರ ಇದೆಯೇ? ಕಣ್ಣು ಕೆಂಪಾಗಿ ಉರಿಯುತ್ತಿದೆಯೇ? ಬಾಯೊಳಗೆ, ತುಟಿಯಲ್ಲಿ ಅಥವಾ ಗುಪ್ತಾಂಗದಲ್ಲಿ ಹುಣ್ಣಿದೆಯೇ? ಮುಖ ಊದಿದೆಯೇ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತದೆಯೇ? ಚರ್ಮ ತುರಿಸುವುದಕ್ಕಿಂತ ನೋಯುತ್ತಿದೆಯೇ, ನೀರ್ಗುಳ್ಳೆ ಎದ್ದಿದೆಯೇ, ಸುಲಿಯುತ್ತಿದೆಯೇ? ಅವಳು ಬೆಳಗಿನ ಗಂಜಿ ಉಣ್ಣುವಾಗಲೂ ಬಾಯಿ ಉರಿಯಿತು ಎನ್ನುತ್ತಾಳೆ. ಗೇರಿನ ಸೊನೆ ತಾಗಿದ ಕಡೆ ಸುಡುತ್ತದೆ, ಹೆಚ್ಚಾಗಿ ಕೈಬೆರಳು, ಮುಂಗೈ, ತುಟಿಯಂಚಿನಲ್ಲಿ. ಬಟ್ಟೆಯೊಳಗಿನ ಎದೆ, ಬೆನ್ನಿನ ಮೇಲೆ ಎರಡೂ ಕಡೆ ಸಮನಾಗಿ ಏಳುವ ಚುಕ್ಕೆ, ಅದರ ಮುಂಚೆ ಜ್ವರ, ಇವು ಸೊನೆಯ ಲಕ್ಷಣವಲ್ಲ. ಹಾಗೆಂದು ಇಂಥ ಗುರುತುಗಳಿಂದ ಮನೆಯಲ್ಲಿ ಕುಳಿತು "ಇದು ಮದ್ದಿನದಲ್ಲ" ಎಂದು ತೀರ್ಮಾನಿಸಬಾರದು. ಅನುಮಾನವನ್ನು ಗಟ್ಟಿ ಮಾಡಲು ಅವು ಸಾಕು, ತಳ್ಳಿಹಾಕಲು ಸಾಲವು.

ಈ ಮದ್ದಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಏನಾದರೊಂದು ದದ್ದು ಕಾಣಿಸುತ್ತದೆ, ಅದರಲ್ಲಿ ಹೆಚ್ಚಿನವು ಸಾಧಾರಣವಾದವು. ಗಂಭೀರವಾಗುವುದು ವಯಸ್ಕರಲ್ಲಿ ಸುಮಾರು ಸಾವಿರಕ್ಕೊಬ್ಬರಿಗೆ. ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು. ಹಾಗಿದ್ದರೂ ಪ್ರತಿಯೊಂದು ಹೊಸ ದದ್ದಿಗೂ ಅದೇ ದಿನ ವೈದ್ಯರನ್ನು ಕಾಣಬೇಕು ಎನ್ನಲು ಕಾರಣವಿದೆ. ಆರಂಭದ ದಿನ ಸಾಧಾರಣ ದದ್ದೂ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್‌ನ ಮೊದಲ ಚುಕ್ಕೆಯೂ ಒಂದೇ ರೀತಿ ಕಾಣಬಹುದು. ಎರಡನೆಯದರಲ್ಲಿ ಕೆಲವೇ ದಿನಗಳಲ್ಲಿ ಚರ್ಮ, ಬಾಯಿ, ಕಣ್ಣಿನ ಪದರಗಳು ಸುಟ್ಟ ಗಾಯದಂತೆ ಕಳಚಿಕೊಳ್ಳುತ್ತವೆ. ಇನ್ನೊಂದು ಬಗೆಯಲ್ಲಿ ಚರ್ಮದ ಜೊತೆ ಯಕೃತ್ತು, ಮೂತ್ರಪಿಂಡ, ರಕ್ತಕಣಗಳೂ ಕೆಡುತ್ತವೆ. ಮದ್ದು ನಿಲ್ಲಿಸಿದ ಮೇಲೂ ಇದು ಮುಂದುವರಿಯಬಲ್ಲದು. ಕಾದು ನೋಡುವ ಎರಡು ದಿನದಲ್ಲಿ ಇನ್ನೆರಡು ಮಾತ್ರೆ ಒಳಗೆ ಹೋಗಿರುತ್ತದೆ.

ನಮ್ಮ ಪ್ರಕರಣದಲ್ಲಿ ಜ್ವರ, ಬಾಯಿ ಉರಿ ಎರಡೂ ಇರುವುದರಿಂದ ಅವಳು ಹೋಗಬೇಕಾದದ್ದು ನೇರವಾಗಿ ತುರ್ತು ವಿಭಾಗವಿರುವ ಆಸ್ಪತ್ರೆಗೆ, ಈಗಲೇ. ನಾಳೆ ಬೆಳಗಿನ ಬಸ್ಸಿಗೆ ಮಂಗಳೂರಿಗೆ ಎನ್ನುವಂತಿಲ್ಲ. ವೈದ್ಯರು ನೋಡುವವರೆಗೆ ಲಾಮೊಟ್ರಿಜಿನ್‌ನ ಮುಂದಿನ ಮಾತ್ರೆ ನುಂಗಬಾರದು. ಆದರೆ ಹೆದರಿ ವಾಲ್ಪ್ರೊಯೇಟನ್ನೂ ತಾನೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಅದನ್ನು ವೈದ್ಯರೇ ನಿರ್ಧರಿಸಬೇಕು. ಎರಡೂ ಸ್ಟ್ರಿಪ್, ಚೀಟಿ, ಮೊದಲ ಮಾತ್ರೆ ನುಂಗಿದ ತಾರೀಖು ಕೈಯಲ್ಲಿರಲಿ. ದದ್ದು ಈ ಮದ್ದಿನಿಂದಲೇ ಎಂದು ಖಚಿತವಾದರೆ ಅವಳ ದಾಖಲೆಯ ಮೊದಲ ಪುಟದಲ್ಲಿ ಆ ಮಾತು ಬರೆಸಬೇಕು. ಗಡಿಯ ಆಚೀಚೆ ಎರಡು ಮೂರು ಆಸ್ಪತ್ರೆಗಳಿಗೆ ಓಡಾಡುವ ನಮ್ಮವರಿಗೆ ಇದು ವಿಶೇಷವಾಗಿ ಅಗತ್ಯ. ಇನ್ನೊಂದೂರಿನ ಹೊಸ ವೈದ್ಯರಿಗೆ ಹಳೆಯ ದದ್ದಿನ ಸುದ್ದಿ ತಾನಾಗಿ ತಿಳಿಯುವುದಿಲ್ಲ.

ಇನ್ನು ಮರೆತ ಮಾತ್ರೆ. ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಮಾತ್ರ. ಎರಡನ್ನು ಒಟ್ಟಿಗೆ ನುಂಗುವಂತಿಲ್ಲ. ಇದು ಸುಲಭ.

ಕಷ್ಟವಿರುವುದು ಹಲವು ದಿನ ತಪ್ಪಿದಾಗ. ಮಂಜೇಶ್ವರದ ಒಬ್ಬರು ಲಾಮೊಟ್ರಿಜಿನ್ ಒಂದನ್ನೇ ದಿನಕ್ಕೆ 200 ಮಿ.ಗ್ರಾಂನಂತೆ ಒಂದು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಳ್ಳಿ. ಮುಂಬೈಯಲ್ಲಿರುವ ಮಗನ ಮನೆಗೆ ಹೋದಾಗ ಮಾತ್ರೆ ಊರಲ್ಲೇ ಉಳಿಯಿತು. ಏಳು ದಿನ ಕಳೆದು ಮನೆಗೆ ಬಂದು 200ರ ಮಾತ್ರೆ ಕೈಗೆತ್ತಿಕೊಂಡಿದ್ದಾರೆ. ವರ್ಷದಿಂದ ಒಗ್ಗಿದ ಮದ್ದಲ್ಲವೇ ಎಂಬುದು ಅವರ ವಾದ.

ರಕ್ತದಲ್ಲಿರುವ ಮದ್ದು ಅರ್ಧಕ್ಕಿಳಿಯಲು ಬೇಕಾಗುವ ಸಮಯವನ್ನು ಅರ್ಧಾಯು ಎನ್ನುತ್ತೇವೆ. ಲಾಮೊಟ್ರಿಜಿನ್ ಒಂದೇ ಇದ್ದಾಗ ಅದು ಸುಮಾರು 25ರಿಂದ 33 ಗಂಟೆ. ಲೆಕ್ಕಕ್ಕೆ 30 ಎಂದು ಹಿಡಿಯೋಣ. ಐದು ಅರ್ಧಾಯು ಎಂದರೆ 150 ಗಂಟೆ, ಆರು ದಿನಕ್ಕಿಂತ ತುಸು ಹೆಚ್ಚು. ಐದು ಸಲ ಅರ್ಧವಾದರೆ ಉಳಿಯುವುದು ಮೂವತ್ತೆರಡರಲ್ಲಿ ಒಂದು ಪಾಲು. ಏಳನೆಯ ದಿನ ಅವರ ದೇಹ ಈ ಮದ್ದನ್ನು ಎಂದೂ ಕಾಣದವರ ದೇಹದಂತೆಯೇ ಇದೆ ಎಂದು ಭಾವಿಸಿ ನಡೆಯಬೇಕು. ಅವರು 200 ನುಂಗಿದರೆ, ಹೊಸ ರೋಗಿಗೆ ಮೊದಲ ದಿನವೇ ಆರಂಭದ ಪ್ರಮಾಣದ ಎಂಟು ಪಟ್ಟು ಕೊಟ್ಟಂತೆ. ಆದ್ದರಿಂದ ಐದು ಅರ್ಧಾಯು ದಾಟಿದರೆ ಮತ್ತೆ 25ರಿಂದಲೇ, ಅದೇ ನಿಧಾನದ ಏರಿಕೆ.

ರೋಗಿಗೆ ಅರ್ಧಾಯು ವಿವರಿಸುವ ಅಗತ್ಯವಿಲ್ಲ. ಐದು ದಿನಕ್ಕಿಂತ ಹೆಚ್ಚು ತಪ್ಪಿದರೆ ಒಂದು ಮಾತ್ರೆಯನ್ನೂ ನುಂಗದೆ ವೈದ್ಯರಿಗೆ ಫೋನ್ ಮಾಡಿ ಎಂದರೆ ಸಾಕು. ಕಾರ್ಬಮಜೆಪೈನ್, ಫೆನಿಟಾಯಿನ್ ಜೊತೆಗಿರುವವರಿಗೆ ಅರ್ಧಾಯು ಸುಮಾರು 14 ಗಂಟೆ ಮಾತ್ರ. ಅವರು ಮೂರು ದಿನ ತಪ್ಪಿದಾಗಲೇ ಕೇಳಬೇಕು. ವಾಲ್ಪ್ರೊಯೇಟ್ ಜೊತೆಗಿದ್ದರೆ ಮದ್ದು ಹೆಚ್ಚು ಕಾಲ ಉಳಿಯುತ್ತದೆ, ಆದರೆ ದದ್ದಿನ ಅಪಾಯವೂ ಹೆಚ್ಚಿರುವುದರಿಂದ ಐದು ದಿನದ ಮಾತನ್ನು ಸಡಿಲಿಸಬಾರದು.

25ಕ್ಕೆ ಇಳಿದರೆ ಅಷ್ಟು ವಾರ ಫಿಟ್ಸ್‌ಗೆ ರಕ್ಷಣೆ ಎಲ್ಲಿ ಎಂದು ಅವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆ ನಡುವಿನ ಕಾಲಕ್ಕೆ ಕ್ಲೋಬಜಾಮ್‌ನಂತಹ ಬೇರೊಂದು ಮದ್ದನ್ನು ವೈದ್ಯರು ಕೊಡಬಹುದು. ಅದಕ್ಕಾಗಿಯೇ ಫೋನ್ ಮಾಡುವುದು ಅದೇ ದಿನ ಆಗಬೇಕು. ಫೋನಿನಲ್ಲಿ ಹೇಳಬೇಕಾದ್ದು ಕೊನೆಯ ಮಾತ್ರೆ ನುಂಗಿದ ತಾರೀಖು, ಆಗಿನ ಪ್ರಮಾಣ, ಜೊತೆಗಿರುವ ಇತರ ಮದ್ದುಗಳು. ಮನೆಯಲ್ಲಿ ಉಳಿದಿರುವ 200ರ ಸ್ಟ್ರಿಪ್ಪನ್ನು ಬೇರೆ ಡಬ್ಬಿಗೆ ಹಾಕಿ, ಗೋಡೆಯ ಕ್ಯಾಲೆಂಡರಿನಲ್ಲಿ 25ರ ಹದಿನಾಲ್ಕು ದಿನಗಳನ್ನು ಮತ್ತೆ ಗುರುತು ಹಾಕಿ ಕೊಡಬೇಕು.