ಎರಡನೇ ತುಂಡು ಎಲ್ಲಿ ಹೋಯಿತು?

ಒಂದು ಬ್ರಾಂಚ್ ಆಫೀಸಿನಿಂದ ಬಂದ ದೂರು ವಿಚಿತ್ರವಾಗಿತ್ತು. ಪಾಸ್‌ವರ್ಡ್ ಹಾಕಿದವರಿಗೆ ವೈಫೈ ಸಿಗುತ್ತದೆ, ಸರ್ಟಿಫಿಕೇಟ್ ಇರುವ ಲ್ಯಾಪ್‌ಟಾಪ್‌ಗಳಿಗೆ ಸಿಗುವುದಿಲ್ಲ. ಎರಡೂ ಹೋಗುವುದು ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸುವ, ಹೆಡ್ ಆಫೀಸಿನ ಅದೇ ರೇಡಿಯಸ್ ಸರ್ವರ್‌ಗೆ, ಯುಡಿಪಿ ಪೋರ್ಟ್ 1812ಕ್ಕೆ. ಪೋರ್ಟ್ 1812 ಎಂಬ ಫಿಲ್ಟರ್ ಹಾಕಿ ಎರಡೂ ಕಡೆ ಪ್ಯಾಕೆಟ್ ನೋಡಿದೆ. ಇಲ್ಲಿಂದ ಹೊರಟಿದ್ದೇ ಅಲ್ಲಿಗೂ ತಲುಪುತ್ತಿತ್ತು. ಸುಮ್ನೆ ಸರ್ವರ್ ಮೇಲೆ ಅನುಮಾನಪಟ್ಟು ಅರ್ಧ ದಿನ ಕಳೆದೆ. ಆಮೇಲೆ ಪೋರ್ಟ್ ಬಿಟ್ಟು, ಬರೀ ವಿಳಾಸದ ಮೇಲೆ ಫಿಲ್ಟರ್ ಹಾಕಿದೆ. ಬ್ರಾಂಚ್ ಕಡೆ ಕಂಡದ್ದು ಇದು:

```
id 51234, offset 0, flags [+], proto UDP (17), length 1500
id 51234, offset 1480, flags [none], proto UDP (17), length 320
```

ಸರ್ವರ್ ಕಡೆ ಮೊದಲ ಸಾಲು ಮಾತ್ರ ಇತ್ತು.

ಈಥರ್ನೆಟ್‌ನಲ್ಲಿ ಒಂದು ಸಲಕ್ಕೆ ಹೋಗಬಲ್ಲ ಐಪಿ ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್. ಇದೇ ಎಂಟಿಯು. ಅದಕ್ಕಿಂತ ದೊಡ್ಡದಾದರೆ ತುಂಡು ಮಾಡಿ ಕಳಿಸಬೇಕು. ಸರ್ಟಿಫಿಕೇಟ್ ಹೊತ್ತ ನಮ್ಮ ಪ್ಯಾಕೆಟ್ 1800 ಬೈಟ್ ಇತ್ತು. ಅದರಲ್ಲಿ 20 ಬೈಟ್ ಐಪಿ ಹೆಡರ್, ಉಳಿದ 1780 ಸರಕು. ಪ್ರತಿ ತುಂಡಿಗೂ ಅದರದೇ ಹೆಡರ್ ಬೇಕು. ಹಾಗಾಗಿ ಮೊದಲ ತುಂಡಿಗೆ 1480, ಎರಡನೆಯದಕ್ಕೆ 300 ಬೈಟ್ ಸರಕು ಬಂತು.

ಈ ತುಂಡು ಎಲ್ಲಿ ಕೂರಬೇಕು ಎಂಬುದನ್ನು ಹೆಡರ್‌ನ ಆಫ್‌ಸೆಟ್ ಹೇಳುತ್ತದೆ. ಅದಕ್ಕಿರುವುದು 13 ಬಿಟ್, ಪ್ಯಾಕೆಟ್ಟಿನ ಉದ್ದಕ್ಕೋ 16 ಬಿಟ್. ಮೂರು ಬಿಟ್ ಕಡಿಮೆ, ಅಲ್ವಾ? ಅದಕ್ಕೇ ಆಫ್‌ಸೆಟ್ಟನ್ನು 8 ಬೈಟಿನ ಲೆಕ್ಕದಲ್ಲಿ ಅಳೆಯುತ್ತಾರೆ. ಹೆಡರ್‌ನಲ್ಲಿ ನಿಜಕ್ಕೂ ಬರೆದಿರುವುದು 185. `tcpdump` ಅದನ್ನು ಗುಣಿಸಿ 1480 ಎಂದು ತೋರಿಸುತ್ತದೆ.

ದಾರಿಯ ರೂಟರ್‌ಗಳಿಗೆ ತುಂಡು ಜೋಡಿಸುವ ಕೆಲಸವಿಲ್ಲ. ಅದು ತಲುಪಿದ ಯಂತ್ರದ್ದು. ಕಳಿಸಿದವರ ವಿಳಾಸ, ಪಡೆಯುವವರ ವಿಳಾಸ, ಪ್ರೋಟೊಕಾಲ್, ಐಡಿ ಈ ನಾಲ್ಕೂ ಒಂದೇ ಆದರೆ ಅವು ಒಂದೇ ಪ್ಯಾಕೆಟ್ಟಿನ ತುಂಡುಗಳು. ಯಾವುದು ಮೊದಲು ಬಂದರೂ ಪರವಾಗಿಲ್ಲ, ಆಫ್‌ಸೆಟ್ ನೋಡಿ ಜಾಗದಲ್ಲಿ ಇಡುತ್ತದೆ. ಒಟ್ಟು ಉದ್ದ ಎಷ್ಟು ಎಂಬುದು ಮಾತ್ರ ಕೊನೆಯ ತುಂಡು ಬರುವತನಕ ಗೊತ್ತಾಗುವುದಿಲ್ಲ. `[+]` ಎಂದರೆ ಹಿಂದೆ ಇನ್ನೂ ಇದೆ ಎಂದು. ಆ ಗುರುತಿಲ್ಲದ ತುಂಡು ಬಂದಾಗ 1480ಕ್ಕೆ 300 ಕೂಡಿಸಿ, 1780 ತುಂಬಿತೇ ಎಂದು ನೋಡುತ್ತದೆ. ನಡುವೆ ಒಂದು ಸಂದು ಉಳಿದರೂ ಪ್ಯಾಕೆಟ್ ಮೇಲಕ್ಕೆ ಹೋಗದು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾದು, ಬಂದಿದ್ದನ್ನೂ ಎಸೆಯುತ್ತದೆ. ರೇಡಿಯಸ್ ಲಾಗ್‌ನಲ್ಲಿ ಒಂದು ಸಾಲೂ ಇರದಿದ್ದದ್ದು ಇದಕ್ಕೇ. ಸರ್ವರ್‌ನಲ್ಲಿ ಇದನ್ನು ಓಡಿಸಿದರೆ `IpReasmFails` ಏರುತ್ತಲೇ ಇತ್ತು:

```
nstat -az | grep Reasm
```

ಕಳ್ಳ ನಡುವಿನ ಫೈರ್‌ವಾಲ್. ಯುಡಿಪಿ ಹೆಡರ್ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಎರಡನೆಯದರಲ್ಲಿ ಪೋರ್ಟ್ ನಂಬರೇ ಇಲ್ಲ. 1812 ಮಾತ್ರ ಬಿಡು ಎಂಬ ರೂಲ್ ಅದನ್ನು ತಡೆದಿತ್ತು. ನನ್ನ ಫಿಲ್ಟರ್ ಕೂಡ ಅದೇ ಕಾರಣಕ್ಕೆ ಅದನ್ನು ಮುಚ್ಚಿಟ್ಟಿತ್ತು! ತುಂಡುಗಳನ್ನು ಜೋಡಿಸಿಕೊಂಡು ಆಮೇಲೆ ರೂಲ್ ನೋಡುವ ಸೆಟ್ಟಿಂಗ್ ಆ ಫೈರ್‌ವಾಲ್‌ನಲ್ಲೇ ಇತ್ತು. ಆನ್ ಮಾಡಿದ ಮೇಲೆ ಲ್ಯಾಪ್‌ಟಾಪ್‌ಗಳು ಒಳಗೆ ಬಂದವು.