ಏಳು ಗಂಟೆ ಮಲಗಿದರೂ ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯೋದು ಯಾಕೆ?

ಪ್ರಶ್ನೆ: ಮನೆ ವಿಜಯನಗರ, ಆಫೀಸು ಕುಂದಲಹಳ್ಳಿ ಹತ್ತಿರ. ಓಡಾಟ ಮೆಟ್ರೋದಲ್ಲಿ. ರಾತ್ರಿ 12ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುತ್ತೇನೆ. ಆದರೂ ಮಧ್ಯಾಹ್ನ 3ರ ಹೊತ್ತಿಗೆ ಒಂದೇ ಮೇಲ್ ಮೂರು ಸಲ ಓದಬೇಕಾಗುತ್ತದೆ. 5ಕ್ಕೆ ಸ್ಟ್ರಾಂಗ್ ಕಾಫಿ ಬಿದ್ದರಷ್ಟೇ ಮುಂದಿನ ಕೆಲಸ. ಏಳು ಗಂಟೆ ನಿದ್ದೆ ಸಾಲದಾ?

ಉತ್ತರ: ಗಂಟೆಯ ಲೆಕ್ಕದಲ್ಲಿ ಸಾಕು. ನನಗೆ ಅನುಮಾನ ಇರೋದು ನಿಮ್ಮ 5 ಗಂಟೆ ಕಾಫಿಯ ಮೇಲೆ.

ಮೊದಲಿಗೆ ಒಂದು ಸಮಾಧಾನದ ಮಾತು. ಮಧ್ಯಾಹ್ನದ ತೂಕಡಿಕೆ ನಿಮ್ಮೊಬ್ಬರದ್ದಲ್ಲ. ನಮ್ಮ ದೇಹದ ಗಡಿಯಾರವೇ ಆ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ, ಊಟ ಬಿಟ್ಟರೂ ಅದು ಬರುತ್ತದೆ, ಕ್ಯಾಂಟೀನಿನಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡರೆ ಇನ್ನೂ ಜೋರಾಗಿ ಬರುತ್ತದೆ. ಅದನ್ನು ಪೂರ್ತಿ ನಿಲ್ಲಿಸಲು ಆಗಲ್ಲ. ಎರಡು ಗಂಟೆ ಎಳೆಯೋದನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಬಹುದು.

ಈಗ ಕಾಫಿ ವಿಷಯ. ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ಜಾಸ್ತಿ ಆದಷ್ಟೂ ನಿದ್ದೆ ಬರುತ್ತದೆ, ನಿದ್ದೆ ಮಾಡಿದರೆ ಖಾಲಿಯಾಗುತ್ತದೆ. ಕಾಫಿ ಅದನ್ನು ಒಂಚೂರೂ ಕಡಿಮೆ ಮಾಡಲ್ಲ. ಮೆಜೆಸ್ಟಿಕ್‌ನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ವಾ, ಕೆಫೀನ್ ಮಾಡೋದೂ ಅದನ್ನೇ, ಅಡೆನೊಸಿನ್ ಕೂರಬೇಕಾದ ಜಾಗವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಅಡೆನೊಸಿನ್ ನಿಂತುಕೊಂಡೇ ಕಾಯುತ್ತಿರುತ್ತದೆ. ಟವಲ್ ತೆಗೆದ ತಕ್ಷಣ ಎಲ್ಲವೂ ಒಟ್ಟಿಗೆ ಬಂದು ಕೂರುತ್ತದೆ.

ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಕೆಲವರಿಗೆ ಕಡಿಮೆ, ಕೆಲವರಿಗೆ ಜಾಸ್ತಿ. ನಿಮ್ಮ 5 ಗಂಟೆ ಲೋಟದ ಅರ್ಧ ರಾತ್ರಿ 10ಕ್ಕೂ ಒಳಗೇ ಇರುತ್ತದೆ, 12ಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. "ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತೆ" ಅನ್ನುವವರು ಬಹಳ. ಬರುತ್ತದೆ ನಿಜ, ಆದರೆ ಗಾಢ ನಿದ್ದೆ ಕಡಿಮೆಯಾಗಿರುತ್ತದೆ, ಅದು ಮಲಗಿದವರಿಗೆ ಗೊತ್ತಾಗಲ್ಲ. ಗೊತ್ತಾಗೋದು ಮರುದಿನ 3 ಗಂಟೆಗೆ. ಆಗ ಮತ್ತೆ ಕಾಫಿ.

ಹಾಗಂತ ನಾಳೆಯೇ ನಿಲ್ಲಿಸಬೇಡಿ, ತಲೆ ಸಿಡಿಯುತ್ತದೆ. ನಾಲ್ಕು ದಿನ ಆ ಕಾಫಿಯನ್ನು ಯಾರ ಜೊತೆಗಾದರೂ ಬೈ-ಟು ಮಾಡಿ. ಆಮೇಲೆ ನಾಲ್ಕು ದಿನ ಅದೇ ಬೈ-ಟು 3 ಗಂಟೆಗೆ. ಆಮೇಲೆ ಬಿಡಿ. ಬೆಳಗಿನ ಕಾಫಿ, 11ರ ಕಾಫಿ ಇರಲಿ, ಅದನ್ನೂ ಕಿತ್ತುಕೊಳ್ಳುವಷ್ಟು ಕೆಟ್ಟವನಲ್ಲ ನಾನು.

ಇನ್ನೊಂದು ಕಳ್ಳ ಮೆಟ್ರೋದಲ್ಲಿದ್ದಾನೆ. ಸಂಜೆ ವಾಪಸ್ ಬರುವಾಗ ಸೀಟು ಸಿಕ್ಕರೆ ಇಂದಿರಾನಗರ ಬರೋದರೊಳಗೆ ನಿದ್ದೆ ಹತ್ತುತ್ತದೆ, ಅಲ್ವಾ? ನನಗೂ ಹತ್ತುತ್ತಿತ್ತು, ಒಂದು ಸಲ ಅತ್ತಿಗುಪ್ಪೆ ದಾಟಿ ಎಚ್ಚರವಾಯಿತು. ಸಂಜೆ 8ರ ಆ ಅರ್ಧ ಗಂಟೆ ನಿದ್ದೆ ರಾತ್ರಿಗೆ ಅಂತ ಕೂಡಿಟ್ಟಿದ್ದ ಅಡೆನೊಸಿನ್ನನ್ನು ಖರ್ಚು ಮಾಡುತ್ತದೆ. 12ಕ್ಕೆ ಮಲಗಿದವರು 1ರವರೆಗೆ ಹೊರಳಾಡುತ್ತಾರೆ. ಸೀಟು ಬಿಟ್ಟು ನಿಂತುಕೊಂಡು ಬನ್ನಿ.

ಮಲಗಬೇಕು ಅನಿಸಿದರೆ ಮಧ್ಯಾಹ್ನ 3ರೊಳಗೆ, 20 ನಿಮಿಷಕ್ಕೆ ಅಲಾರಾಂ ಇಟ್ಟು. ಕುರ್ಚಿಯಲ್ಲೇ ಕಣ್ಣು ಮುಚ್ಚಿದರೂ ಸರಿ. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಇಳಿದುಬಿಡುವ ಸಾಧ್ಯತೆ ಜಾಸ್ತಿ, ಅಲ್ಲಿಂದ ಎದ್ದರೆ ತಲೆ ಕಲ್ಲಿನ ಹಾಗೆ. ಎದ್ದ ಮೇಲೆ ಮೊದಲಿಗಿಂತ ಮಂಕಾಗಿದ್ದೀರಿ ಅಂದರೆ ಹೊತ್ತು ಜಾಸ್ತಿಯಾಗಿದೆ ಅಂತಲೇ ಅರ್ಥ.

ಊಟವಾದ ಮೇಲೆ ಏನು ಮಾಡುತ್ತೀರಿ ಅಂತ ನೀವು ಬರೆದಿಲ್ಲ. ಸೀಟಿಗೆ ಬಂದು ರೀಲ್ಸ್ ನೋಡುತ್ತೀರಿ ಅಂದುಕೊಂಡಿದ್ದೇನೆ. ಅದು ಬಿಡುವಲ್ಲ. ಅದೇ ಕಣ್ಣು, ಅದೇ ಗಮನ, ಸ್ಕ್ರೀನ್ ಮಾತ್ರ ಚಿಕ್ಕದು. ಅದರ ಬದಲು ಕೈ ತೊಳೆದವರೇ ಹತ್ತು ನಿಮಿಷ ಹೊರಗೆ ನಡೆಯಿರಿ, ಮಾತಾಡಿಕೊಂಡು ನಡೆಯುವಷ್ಟು ವೇಗ ಸಾಕು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಹಾಗಾಗಿ ಅನ್ನ ತಿಂದಾಗ ಸಕ್ಕರೆ ಏರುವುದು ಅಷ್ಟು ಜೋರಾಗಿರಲ್ಲ. ಹೊರಗಿನ ಬೆಳಕು ಬೇರೆ ಎಚ್ಚರ ಕೊಡುತ್ತದೆ. ಬೆಳಿಗ್ಗೆ ಜಿಮ್‌ಗೆ ಹೋಗಿದ್ದೇನೆ ಅಂತ ಇದನ್ನು ಬಿಡಬೇಡಿ, ಈ ನಡಿಗೆಯ ಕೆಲಸವೇ ಬೇರೆ.

ಭಾನುವಾರ 10ಕ್ಕೆ ಏಳುವ ಅಭ್ಯಾಸ ಇದ್ದರೆ 8ಕ್ಕೆ ತನ್ನಿ. ಇಲ್ಲದಿದ್ದರೆ ಭಾನುವಾರ ರಾತ್ರಿ ನಿದ್ದೆ ಹತ್ತಲ್ಲ, ಸೋಮವಾರ ಹಾಳು.

ಇಷ್ಟನ್ನು ಮೂರು ವಾರ ಮಾಡಿಯೂ ಏನೂ ಬದಲಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಿ. ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗುವ ತೊಂದರೆ ಇದ್ದರೆ ಎಂಟು ಗಂಟೆ ಮಲಗಿದರೂ ಸುಸ್ತು ಹೋಗಲ್ಲ, ಅದನ್ನು ಪತ್ತೆ ಮಾಡಲು ಬೇರೆಯೇ ಪರೀಕ್ಷೆ ಇದೆ. ಗೊರಕೆ ಇದೆಯಾ ಅಂತ ನಿಮ್ಮನ್ನು ಕೇಳಿ ಪ್ರಯೋಜನವಿಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಿ.