ಬಣ್ಣ ಬೇಡ, ತೊಟ್ಟು ತೋರಿಸು

ನವೆಂಬರ್ ಕೊನೆಯ ವಾರ. ಮಡಿಕೇರಿಯ ಶುಕ್ರವಾರದ ಸಂತೆಯಿಂದ ಅಣ್ಣನ ಮಗ ವಾಟ್ಸಾಪಿನಲ್ಲಿ ಎರಡು ಫೋಟೊ ಕಳಿಸಿದ. ಒಂದರಲ್ಲಿ ನೀಲಿ ಟಾರ್ಪಾಲಿನ ಕೆಳಗೆ ರಾಶಿ ಹಾಕಿದ ಕಿತ್ತಳೆ, ನಿಂಬೆಕಾಯಿಯಂತೆ ಹಸಿರು. ಇನ್ನೊಂದರಲ್ಲಿ ಕೆಂಪು ಕೊಡೆಯ ಕೆಳಗಿನ ಕಿತ್ತಳೆ, ಕ್ಯಾಲೆಂಡರಿನ ಚಿತ್ರದ ಹಾಗೆ ಹೊಳೆಯುತ್ತಿತ್ತು. ಕೆಳಗೊಂದು ಸಾಲು: "ಚಿಕ್ಕಪ್ಪ, ಕೊಡೆಯವರ ಹತ್ರ ತಗೊಳ್ತೀನಿ. ಟಾರ್ಪಾಲಿನವರದ್ದು ಇನ್ನೂ ಕಾಯಿ."

ಕೂಡಲೇ ಫೋನ್ ಮಾಡಿದೆ. "ನಿಲ್ಲು ಮಾರಾಯ. ಒಂದು ಬಿಳಿ ಕಾಗದ ಹಣ್ಣಿನ ಪಕ್ಕ ಇಟ್ಟು ಎರಡೂ ಕಡೆ ಇನ್ನೊಂದು ಸಲ ತೆಗಿ. ಹಣ್ಣನ್ನ ತೊಟ್ಟು ಕಾಣೋ ಹಾಗೆ ತಿರುಗಿಸು."

ಕಾಗದ ಯಾಕೆ ಎಂದರೆ, ಫೋಟೊದಲ್ಲಿ ಇರುವುದು ಬರೀ ಹಣ್ಣಿನ ಬಣ್ಣ ಅಲ್ಲ. ಹಣ್ಣಿನ ಮೇಲೆ ಬಿದ್ದ ಬೆಳಕೂ ಅದರಲ್ಲಿ ಬೆರೆತಿರುತ್ತದೆ. ಟಾರ್ಪಾಲಿನ ಅಡಿಯಲ್ಲಿ ನಿಂತವರ ಕಣ್ಣು ಸ್ವಲ್ಪ ಹೊತ್ತಿಗೆ ಆ ನೀಲಿಗೆ ಒಗ್ಗಿ ಅದನ್ನು ಕಳೆದು ನೋಡುತ್ತದೆ. ಕ್ಯಾಮೆರಾ ಕೂಡ ಹಾಗೆ ಕಳೆಯಲು ಯತ್ನಿಸುತ್ತದೆ, ಅದನ್ನೇ ವೈಟ್ ಬ್ಯಾಲೆನ್ಸ್ ಎನ್ನುವುದು. ಆದರೆ ಅದರ ಹಳೆಯ, ಸರಳ ಲೆಕ್ಕ ಏನೆಂದರೆ, ಯಾವುದೇ ದೃಶ್ಯದ ಬಣ್ಣಗಳನ್ನೆಲ್ಲ ಕಲಸಿದರೆ ಸರಾಸರಿ ಬೂದು ಬರಬೇಕು. ಚೌಕಟ್ಟಿನ ತುಂಬ ಕಿತ್ತಳೆಯೇ ಇದ್ದರೆ ಆ ಲೆಕ್ಕ ತಲೆಕೆಳಗಾಗುತ್ತದೆ. ಹಣ್ಣಿನ ಬಣ್ಣವನ್ನೇ ಬೆಳಕಿನ ಬಣ್ಣವೆಂದು ತಿಳಿದು ಕ್ಯಾಮೆರಾ ಇಡೀ ಚಿತ್ರಕ್ಕೆ ನೀಲಿ ಬಳಿಯುತ್ತದೆ. ಈಗಿನ ಫೋನುಗಳು ಇಷ್ಟು ಪೆದ್ದಲ್ಲ, ಆದರೂ ಮೋಸ ಹೋಗುತ್ತವೆ.

ಹೊಸ ಫೋಟೊಗಳು ಬಂದವು. ಪಿಕ್ಸೆಲ್ಲಿನ ಬಣ್ಣವನ್ನು ಅಂಕಿಯಲ್ಲಿ ತೋರಿಸುವ ಆ್ಯಪ್‌ನಲ್ಲಿ ತೆರೆದು ನೋಡಿದೆ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ, ಸೊನ್ನೆಯಿಂದ 255ರವರೆಗೆ. ಟಾರ್ಪಾಲಿನ ಕೆಳಗೆ ಹಣ್ಣಿನ ಸಿಪ್ಪೆ 110, 140, 60. ಹಸಿರೇ ಹೆಚ್ಚು. ಆದರೆ ಪಕ್ಕದ ಬಿಳಿ ಕಾಗದವೇ 150, 185, 230 ಆಗಿತ್ತು! ಬಿಳಿಯಾದರೆ ಮೂರೂ ಹೆಚ್ಚುಕಡಿಮೆ ಸಮ ಇರಬೇಕಿತ್ತು. ಹಾಗಾಗಿ ಹಣ್ಣಿನ ಒಂದೊಂದು ಅಂಕಿಯನ್ನೂ ಕಾಗದದ ಅದೇ ಬಣ್ಣದ ಅಂಕಿಯಿಂದ ಭಾಗಿಸಿದೆ. ಬಂದದ್ದು 0.73, 0.76, 0.26. ಕೆಂಪು, ಹಸಿರು ಸಮಸಮ ಇದ್ದು ನೀಲಿ ಕಡಿಮೆಯಾದರೆ ನಮ್ಮ ಕಣ್ಣಿಗೆ ಅದು ಹಳದಿ. ಇಲ್ಲಿ ಹಸಿರು ಕೂದಲೆಳೆಯಷ್ಟು ಮುಂದಿದೆ, ಅಂದರೆ ಹಸಿರು ಮಿಶ್ರಿತ ಹಳದಿ. ಕೊಡಗಿನ ಕಿತ್ತಳೆಯ ಜಾತಕವೇ ಅದು: ಹಸಿರು ಹಳದಿ ಮೈ, ಬಿಗಿ ಸಿಪ್ಪೆ, ಹುಳಿ ಬೆರೆತ ಸಿಹಿ.

ಕೊಡೆಯ ಕೆಳಗಿನ ಹಣ್ಣು 205, 120, 40. ಅಲ್ಲಿನ ಕಾಗದ 240, 170, 130. ಭಾಗಿಸಿದರೆ 0.85, 0.71, 0.31. ಕೆಂಪು ಹಸಿರಿನ 1.7 ಪಟ್ಟಿದ್ದದ್ದು 1.2ಕ್ಕೆ ಇಳಿಯಿತು. ಈ ಹಣ್ಣು ನಿಜಕ್ಕೂ ತುಸು ಹೆಚ್ಚು ಕೆಂಪು, ಸುಳ್ಳಲ್ಲ. ಆದರೆ ಎರಡು ಫೋಟೊಗಳ ನಡುವೆ ಕಂಡ ಅಂತರದ ಮುಕ್ಕಾಲು ಪಾಲು ಹಣ್ಣಿನದಲ್ಲ, ತಲೆಯ ಮೇಲಿನ ಬಟ್ಟೆಯದು.

ಬಲೆಚೀಲದಲ್ಲಿ ತೂಗುಹಾಕಿದ ಕಿತ್ತಳೆಯದು ಇನ್ನೊಂದು ಆಟ. ಕೆಂಪು ದಾರದ ಬಲೆಯೊಳಗಿನ ಹಣ್ಣು ಕಣ್ಣಿಗೆ ಹೆಚ್ಚು ಮಾಗಿದಂತೆ ಕಾಣುತ್ತದೆ, ಏಕೆಂದರೆ ತೆಳು ಗೆರೆಗಳ ಬಣ್ಣ ಪಕ್ಕದ ಜಾಗಕ್ಕೂ ಹರಡಿದಂತೆ ನಮ್ಮ ಮಿದುಳು ಓದುತ್ತದೆ. ಜರ್ಮನಿಯ ದೃಷ್ಟಿವಿಜ್ಞಾನಿ ಕಾರ್ಲ್ ಗೆಗೆನ್‌ಫರ್ಟ್ನರ್ 2024ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಫೋಟೊ ಇದಕ್ಕೆ ಉಪ್ಪುಖಾರ ಹಚ್ಚುತ್ತದೆ. ಜೆಪೆಗ್ ಫೈಲು ಸಾಮಾನ್ಯವಾಗಿ ಬೆಳಕು-ನೆರಳನ್ನು ಚುಕ್ಕಿ ಚುಕ್ಕಿಯಾಗಿ ಉಳಿಸಿಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗೆ ಒಂದರಂತೆ ಇಟ್ಟುಕೊಳ್ಳುತ್ತದೆ. ದಾರದ ಕೆಂಪು ಹಣ್ಣಿಗೆ ನಿಜವಾಗಿಯೇ ಸೋರುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಬಣ್ಣ ಸರಿಪಡಿಸಿದರೂ ಕಿತ್ತಳೆಯ ವಿಷಯದಲ್ಲಿ ಅದು ಹೇಳುವುದು ಅಷ್ಟಕ್ಕಷ್ಟೆ. ಸಿಪ್ಪೆಯ ಹಸಿರು ಹೋಗಬೇಕಾದರೆ ಅದರ ಕ್ಲೋರೋಫಿಲ್ ಒಡೆಯಬೇಕು, ಅದಕ್ಕೆ ತಂಪು ರಾತ್ರಿಗಳು ಬೇಕು, ಸುಮಾರು 13 ಡಿಗ್ರಿಗಿಂತ ಕೆಳಗೆ. ರಾತ್ರಿ ಬೆಚ್ಚಗಿದ್ದರೆ ಒಳಗೆ ತೊಳೆ ಸಿಹಿಯಾದರೂ ಹೊರಗೆ ಹಸಿರು ಹಾಗೇ ಉಳಿಯುತ್ತದೆ. ಇನ್ನೊಂದು ಕಡೆ, ಕೊಯ್ದ ಹಸಿರು ಹಣ್ಣನ್ನು ಕೋಣೆಯಲ್ಲಿಟ್ಟು ಒಂದಿಷ್ಟೇ ಎಥಿಲೀನ್ ಅನಿಲ ಬಿಟ್ಟರೆ ಕೆಲವು ದಿನಗಳಲ್ಲಿ ಹಸಿರು ಹೋಗಿ ಕಿತ್ತಳೆ ಬಣ್ಣ ಬರುತ್ತದೆ. ಬಾಳೆಗೆ ಹೀಗೆ ಮಾಡಿದರೆ ಒಳಗಿನ ಪಿಷ್ಟವೂ ಸಕ್ಕರೆಯಾಗುತ್ತದೆ, ಹಾಗಾಗಿ ಬಾಳೆಯ ಹಳದಿಯನ್ನು ಹೆಚ್ಚುಕಡಿಮೆ ನಂಬಬಹುದು. ಕಿತ್ತಳೆಯಲ್ಲಿ ಸಕ್ಕರೆಯಾಗಲು ಪಿಷ್ಟದ ದಾಸ್ತಾನೇ ಇಲ್ಲ. ಮರ ಬಿಟ್ಟ ದಿನ ಎಷ್ಟು ಸಿಹಿಯೋ ಹೆಚ್ಚುಕಡಿಮೆ ಅಷ್ಟೇ, ಬದಲಾಗುವುದು ಅಂಗಿ ಮಾತ್ರ. (ನಮ್ಮ ತೋಟಗಳ ಬೆಣ್ಣೆಹಣ್ಣಿನದು ಇದಕ್ಕೆ ತದ್ವಿರುದ್ಧ: ಕೊಯ್ದ ಮೇಲೆಯೇ ಮಾಗುತ್ತದೆ, ಹಸಿರು ಜಾತಿಯದಾದರೆ ಬಣ್ಣ ಬದಲಿಸದೆ. ಅದರ ಫೋಟೊ ಕೇಳುವುದೇ ದಂಡ, ಹೆಬ್ಬೆರಳು ಬೇಕು.)

ಹಾಗಾಗಿ ನಾನು ನೋಡುವುದು ತೊಟ್ಟನ್ನು, ಹಣ್ಣಿನ ತಲೆಯ ಮೇಲಿನ ಆ ಪುಟ್ಟ ನಕ್ಷತ್ರವನ್ನು. ಕೊಯ್ದಾಗ ಅದು ಹಸಿರಾಗಿ, ದಪ್ಪಗೆ, ಸಿಪ್ಪೆಗೆ ಒತ್ತಿಕೊಂಡಿರುತ್ತದೆ. ದಿನ ಕಳೆದಂತೆ ನೀರಾರಿ ಕಂದಾಗುತ್ತದೆ, ಸುತ್ತ ಸಣ್ಣ ಸಂದು ಬಿಡುತ್ತದೆ, ಕೊನೆಗೆ ಉದುರಿ ಗುಳಿ ಉಳಿಯುತ್ತದೆ. ಬೂಷ್ಟು ಒಳನುಗ್ಗುವ ಬಾಗಿಲೂ ಅದೇ. ಸಿಪ್ಪೆಯನ್ನು ಕೆಂಪು ಮಾಡುವ ಅದೇ ಎಥಿಲೀನ್ ತೊಟ್ಟನ್ನು ಬೇಗ ಒಣಗಿಸುತ್ತದೆ. ಹಾಗಾಗಿ ಕಡು ಕಿತ್ತಳೆ ಮೈ, ಕಂದು ತೊಟ್ಟು ಜೊತೆಯಾಗಿ ಕಂಡರೆ, ಹಣ್ಣು ಹಳೆಯದು ಇಲ್ಲವೇ ಬಣ್ಣ ಬರಿಸಿದ್ದು ಎಂದು ಅನುಮಾನಿಸಬಹುದು. ಹಸಿರು ಹಳದಿ ಮೈ, ಹಸಿರು ತೊಟ್ಟು ಇದ್ದರೆ ಕೊಯ್ದು ಹೆಚ್ಚು ದಿನವಾಗಿಲ್ಲ. ಎರಡನ್ನೂ ಒಂದೇ ಫೋಟೊದಲ್ಲಿ, ಒಂದೇ ಬೆಳಕಿನಲ್ಲಿ ಹೋಲಿಸುವುದರಿಂದ ಟಾರ್ಪಾಲಿನ ಕಾಟವೂ ಕಡಿಮೆ.

ಇದಕ್ಕೂ ಎರಡು ತೊಡಕುಗಳಿವೆ. ಕತ್ತರಿ ಹಾಕದೆ ಎಳೆದು ಕೊಯ್ದ ಹಣ್ಣಿನಲ್ಲಿ ತೊಟ್ಟು ಕಿತ್ತೇ ಬಂದಿರುತ್ತದೆ. ಆಗ ಗುಳಿಯ ಅಂಚು ನೋಡಬೇಕು, ಬಿಳಿಚಿ ಹಸಿಯಾಗಿದ್ದರೆ ಹೊಸತು, ಒಣಗಿ ಕಂದಾಗಿದ್ದರೆ ಹಳತು. ಎರಡನೆಯದು, ಕೆಂಪು ಕೊಡೆ ಹಸಿರು ಬೆಳಕನ್ನು ಹೆಚ್ಚಾಗಿ ತಾನೇ ನುಂಗುತ್ತದೆ. ಅದರ ಕೆಳಗೆ ಹಸಿರು ತೊಟ್ಟೂ ಕಪ್ಪಗೆ ಕಾಣುತ್ತದೆ, ಕಾಗದದ ಲೆಕ್ಕವೂ ಆಗ ಪೂರ್ತಿ ಕೈಹಿಡಿಯದು. "ಒಂದು ಹಣ್ಣು ಕೇಳಿ ತಗೊಂಡು ಕೊಡೆಯಿಂದ ಹೊರಗೆ ತಂದು ತೆಗಿ" ಎಂದೆ. ತೆಗೆದ. ತೊಟ್ಟು ಕಂದೇ ಆಗಿತ್ತು, ಒಂದು ಬದಿ ಎದ್ದೂ ಇತ್ತು. ಟಾರ್ಪಾಲಿನ ಹಣ್ಣಿನದು ಹಸಿರು.

ಸಿಹಿ ಎಷ್ಟು ಎಂಬುದು ಮಾತ್ರ ಯಾವ ಫೋಟೊಗೂ ಸಿಗದು. ಸಕ್ಕರೆಯ ಸುಳಿವು ಹೊತ್ತು ಬರುವುದು ಕಣ್ಣಿಗೆ ಕಾಣದ ಅವಗೆಂಪು ಬೆಳಕು, ಅದು ಸಿಪ್ಪೆ ದಾಟಿ ಒಂದಿಷ್ಟು ಒಳಗೆ ಹೋಗಿ ಮರಳುತ್ತದೆ. ದೊಡ್ಡ ಹಣ್ಣು ವಿಂಗಡಣೆ ಯಂತ್ರಗಳು ಅದನ್ನು ಅಳೆಯುತ್ತವೆ. ಫೋನಿನ ಮುಖ್ಯ ಕ್ಯಾಮೆರಾಗೆ ಆ ಬೆಳಕನ್ನು ತಡೆಯುವ ಸೋಸುಗಾಜನ್ನೇ ಕೂರಿಸಿರುತ್ತಾರೆ, ಇಲ್ಲದಿದ್ದರೆ ಮನುಷ್ಯರ ಫೋಟೊ ಕೆಡುತ್ತದೆ. ತೊಳೆ ಒಳಗೇ ಒಣಗಿದೆಯೇ ಎಂಬುದೂ ಕಾಣದು, ಅದಕ್ಕೆ ಹಣ್ಣನ್ನು ಕೈಯಲ್ಲಿ ತೂಗಿ ನೋಡಬೇಕು.

ಹುಡುಗ ಟಾರ್ಪಾಲಿನವರ ಹತ್ತಿರ ಎರಡು ಕೆಜಿ ತಂದ. ಸಂಜೆ ಮತ್ತೊಂದು ಫೋಟೊ ಬಂತು. ಸುಲಿದಿಟ್ಟ ಹಣ್ಣುಗಳ ನಡುವೆ ದಪ್ಪನೆಯದೊಂದರ ತೊಳೆಗಳು ತೊಟ್ಟಿನ ಕಡೆಯಿಂದ ಅರ್ಧದವರೆಗೆ ಬೆಳ್ಳಗೆ ಒಣಗಿದ್ದವು. "ಬಾಕಿದ್ದೆಲ್ಲ ಚೆನ್ನಾಗಿದೆ ಚಿಕ್ಕಪ್ಪ. ಇದೊಂದು ಹೀಗೆ. ಇದರ ತೊಟ್ಟೂ ಹಸಿರೇ ಇತ್ತು."